ಬೋಟ್ ನೆಕ್ಕಿಗೆ ಚೈನೀಸ್ ಕಾಲರ್ ಕೂರುವುದಿಲ್ಲ

"ಬೋಟ್ ನೆಕ್, ಚೈನೀಸ್ ಕಾಲರ್, ತ್ರೀ-ಫೋರ್ತ್ ತೋಳು, ಮಂಡಿ ಉದ್ದ ಇರಲಿ ಅಣ್ಣ." ಮಗಳು ಬೆಂಗಳೂರಿನಲ್ಲಿ, ಬಟ್ಟೆ ಚಿಕ್ಕಮಗಳೂರಿನಲ್ಲಿ ಅಮ್ಮನ ಹತ್ತಿರ, ಹೊಲಿಯುವವರಿಗೆ ಸಿಗುವುದು ಫೋನಿನಲ್ಲಿ ಬಂದ ಈ ಒಂದೇ ಸಾಲು. ಕುರ್ತಿ ಹೊಲಿಸುವಾಗ ಆಗುವ ತಕರಾರುಗಳಲ್ಲಿ ಬಹಳಷ್ಟು ಶುರುವಾಗುವುದು ಇಂಥ ಸಾಲಿನಿಂದಲೇ. ಇದರಲ್ಲಿರುವ ನಾಲ್ಕು ಮಾತುಗಳಲ್ಲಿ ಮೊದಲೆರಡು ಒಂದಕ್ಕೊಂದು ಹೊಂದುವುದಿಲ್ಲ, ಉಳಿದೆರಡು ಅಳತೆಯಿಲ್ಲದೆ ಅರ್ಧಕ್ಕೇ ನಿಂತಿವೆ.

ಮೊದಲು ನೆಕ್ ಮತ್ತು ಕಾಲರ್. ಕತ್ತಿನ ಸುತ್ತ ಬಟ್ಟೆಯನ್ನು ಎಲ್ಲಿಯವರೆಗೆ ಕತ್ತರಿಸುತ್ತೇವೋ ಆ ಅಂಚಿನ ಆಕಾರ ನೆಕ್. ಆ ಅಂಚಿಗೆ ಬೇರೆ ತುಂಡು ಹೊಲಿದು ಕೂರಿಸಿದರೆ ಅದು ಕಾಲರ್. ರೌಂಡ್, ವಿ, ಚೌಕ, ಬೋಟ್ ಇವೆಲ್ಲ ನೆಕ್‌ಗಳು. ಚೈನೀಸ್ ಕಾಲರ್ ಎಂದರೆ ಕತ್ತಿನ ಬುಡದಲ್ಲಿ ನೆಟ್ಟಗೆ ನಿಲ್ಲುವ ಒಂದು, ಒಂದೂಕಾಲು ಇಂಚಿನ ಪಟ್ಟಿ. ಶರ್ಟ್ ಕಾಲರಿನಲ್ಲಿ ಆ ಪಟ್ಟಿಯ ಮೇಲೆ ಕೆಳಕ್ಕೆ ಮಡಿಚಿಕೊಳ್ಳುವ ಇನ್ನೊಂದು ತುಂಡು ಇರುತ್ತದೆ. ಶಾಲೆಯ ಪುಟ್ಟ ಹುಡುಗಿಯರ ಫ್ರಾಕಿನಲ್ಲಿ ತುದಿ ದುಂಡಗಿದ್ದು ಭುಜದ ಮೇಲೆ ಚಪ್ಪಟೆಯಾಗಿ ಮಲಗಿರುತ್ತದಲ್ಲ, ಅದು ಪೀಟರ್ ಪ್ಯಾನ್ ಕಾಲರ್.

ಬೋಟ್ ನೆಕ್ ಭುಜದಿಂದ ಭುಜಕ್ಕೆ ಅಗಲವಾಗಿ, ಮುಂದೆ ಆಳ ಕಡಿಮೆಯಾಗಿ ಹೋಗುತ್ತದೆ. ಸಾಮಾನ್ಯ ಮೈಕಟ್ಟಿಗೆ ಹತ್ತು ಇಂಚು ಅಗಲ, ಮೂರು ಇಂಚು ಆಳ ಸಾಕಾಗುತ್ತದೆ. ಅದರ ಅಂಚು ಕತ್ತಿನ ಬುಡದಿಂದ ಎರಡು ಮೂರು ಇಂಚು ಆಚೆ ಇರುತ್ತದೆ. ಅಲ್ಲಿ ನೆಟ್ಟಗೆ ಪಟ್ಟಿ ಕೂರಿಸಿದರೆ ಅದು ಕತ್ತಿಗೆ ಒರಗದೆ ಹೊರಕ್ಕೆ ಬಾಗಿಕೊಳ್ಳುತ್ತದೆ. ಹಾಗಾಗಿ ಬೋಟ್ ನೆಕ್ ಬೇಕೋ ಚೈನೀಸ್ ಕಾಲರ್ ಬೇಕೋ ಎಂದು ಮೊದಲೇ ತೀರ್ಮಾನಿಸಿಕೊಳ್ಳಬೇಕು.

ಚೈನೀಸ್ ಕಾಲರ್ ಎಂದೇ ಇಟ್ಟುಕೊಳ್ಳೋಣ. ಆಗ ಹೇಳಬೇಕಾದ ಇನ್ನೊಂದು ವಿಷಯ ಉಂಟು, ಅದನ್ನು ಬಹಳ ಜನ ಮರೆಯುತ್ತಾರೆ: ಮುಂದೆ ಎಷ್ಟು ಓಪನ್ ಇರಬೇಕು. ಕತ್ತಿನ ಬುಡದ ಸುತ್ತಳತೆ 14 ಇಂಚು, ಒಂದು ಬೆರಳಿನಷ್ಟು ಸಡಿಲ ಸೇರಿ 14.5 ಅಂತಿರಲಿ. ತಲೆಯ ಸುತ್ತಳತೆ ಸುಮಾರು 22 ಇಂಚು. ಓಪನ್ ಇಲ್ಲದಿದ್ದರೆ ತಲೆ ಹೋಗುವುದೇ ಇಲ್ಲ. ಮುಂದೆ 5 ಇಂಚು ಸೀಳಿ ಪಟ್ಟಿ ಕೊಟ್ಟರೆ ಸೀಳಿನ ಎರಡೂ ಅಂಚು ಸೇರಿ 10 ಇಂಚು ಹೆಚ್ಚಾಗಿ 24.5 ಆಗುತ್ತದೆ, ಜಡೆ ಹಾಕಿದ ತಲೆಯೂ ಸಲೀಸಾಗಿ ನುಗ್ಗುತ್ತದೆ. ಕಾಲರಿನ ಒಳಗೆ ಕ್ಯಾನ್ವಾಸ್ ಹಾಕಿ ಅಂತಲೂ ಹೇಳಿ. ಇಲ್ಲದಿದ್ದರೆ ನಾಲ್ಕು ಒಗೆತಕ್ಕೆ ಕಾಲರ್ ಸೋತು ಕತ್ತಿನ ಹಿಂದೆ ಮುದುಡಿಕೊಳ್ಳುತ್ತದೆ.

ಬೋಟ್ ನೆಕ್ಕೇ ಬೇಕೆನ್ನುವವರು ಬೆನ್ನಿನ ಕಡೆಯ ಆಳವನ್ನೂ ಹೇಳಲೇಬೇಕು. ಮುಂದೆ ಅಗಲ ಇರುವಾಗ ಹಿಂದೆಯೂ ಆಳ ಇಳಿಸಿದರೆ ಉಡುಪನ್ನು ಹಿಡಿದಿಡಲು ಭುಜದ ತುದಿ ಬಿಟ್ಟು ಬೇರೇನೂ ಉಳಿಯುವುದಿಲ್ಲ. ಕೈ ಎತ್ತಿ ಬಸ್ಸಿನ ಕಂಬಿ ಹಿಡಿದ ಕೂಡಲೇ ಒಂದು ಕಡೆ ಜಾರಿತು ಅಂದರೆ ಕಾರಣ ಇದೇ. ಹಿಂದೆ ಎರಡು ಮೂರು ಇಂಚಿಗೆ ನಿಲ್ಲಿಸಿ. ಆಳ ಬೇಕೇ ಬೇಕು ಅಂದರೆ ಮೇಲ್ಗಡೆ ಡೋರಿ ಕಟ್ಟಿಸಿ.

ವಿ ನೆಕ್ಕಿನ ಆಳ ಹೇಳುವಾಗ ಟೇಪು ಎಲ್ಲಿಂದ ಹಿಡಿದಿರಿ ಎನ್ನುವುದು ಮುಖ್ಯ. ಹೊಲಿಯುವವರು ಅಳೆಯುವುದು ಭುಜ ಮತ್ತು ಕತ್ತು ಸೇರುವ ಜಾಗದಿಂದ. ಕನ್ನಡಿ ಮುಂದೆ ನಿಂತು ಗಂಟಲಿನ ಕುಳಿಯಿಂದ ಆರು ಇಂಚು ಎಣಿಸಿದವರಿಗೆ ಅಂದುಕೊಂಡದ್ದಕ್ಕಿಂತ ಮೂರು ಇಂಚು ಮೇಲೆಯೇ ನಿಂತ ನೆಕ್ ಸಿಗುತ್ತದೆ. ಮೇಲೆ ನಿಂತದ್ದನ್ನು ಮತ್ತೆ ಇಳಿಸಬಹುದು, ಇಳಿದದ್ದನ್ನು ಏರಿಸಲಾಗದು. ಅನುಮಾನ ಇದ್ದರೆ ಚಿಕ್ಕ ಸಂಖ್ಯೆಯನ್ನೇ ಕೊಡಿ.

ತೋಳಿನಲ್ಲಿ ಉದ್ದಕ್ಕೊಂದು ಹೆಸರು, ಆಕಾರಕ್ಕೊಂದು ಹೆಸರು. ತ್ರೀ-ಫೋರ್ತ್ ಎನ್ನುವುದು ಉದ್ದದ ಹೆಸರು, ಮುಕ್ಕಾಲು ತೋಳು. ಭುಜದ ತುದಿಯಿಂದ ಮಣಿಕಟ್ಟಿನವರೆಗೆ 22 ಇಂಚು ಬಂದರೆ ಮುಕ್ಕಾಲು ಅಂದರೆ 16.5. ಮೊಣಕೈ ಸುಮಾರು 13ರ ಹತ್ತಿರ ಬರುತ್ತದೆ, ಆದ್ದರಿಂದ 14ಕ್ಕೆ ನಿಂತ ತೋಳನ್ನು ಮುಕ್ಕಾಲು ಎನ್ನಲಾಗದು. ಅಳೆಯುವಾಗ ಕೈ ಸ್ವಲ್ಪ ಮಡಿಚಿರಲಿ, ಟೇಪು ಮೊಣಕೈಯ ಹೊರಬದಿಯಿಂದ ಹಾದುಬರಲಿ. ನೆಟ್ಟಗೆ ಚಾಚಿದ ಕೈಯ ಅಳತೆಯಲ್ಲಿ ಹೊಲಿದ ತೋಳು ಕೈ ಮಡಿಚಿದಾಗ ಮೇಲಕ್ಕೆ ಎಳೆದುಕೊಳ್ಳುತ್ತದೆ. ತೋಳು ಮುಗಿಯುವ ಜಾಗದ ಸುತ್ತಳತೆಗೂ ಒಂದಿಂಚು ಸಡಿಲ ಬಿಡಿ. ಪಾತ್ರೆ ತೊಳೆಯುವಾಗ ಮೇಲೇರಿಸಲು ಬರದ ತೋಳು ಯಾರಿಗೂ ಬೇಡ.

ಆಕಾರದ ಹೆಸರು ಬದಲಾದರೆ ಅಳತೆಯ ಶುರುವೂ ಬದಲಾಗುತ್ತದೆ. ಪಫ್ ತೋಳಿಗೆ ಭುಜದ ಅಗಲವನ್ನು ಎರಡೂ ಕಡೆ ಅರ್ಧರ್ಧ ಇಂಚು ಒಳಕ್ಕೆ ತರಬೇಕು, ಆಗ ನೆರಿಗೆ ಭುಜದ ಮೇಲೆ ಉಬ್ಬಿ ನಿಲ್ಲುತ್ತದೆ. ಮಾಮೂಲಿ ಭುಜದ ಅಳತೆಯಲ್ಲೇ ಪಫ್ ಇಟ್ಟರೆ ಅದು ತೋಳಿನ ಕೆಳಕ್ಕೆ ಜೋತುಬೀಳುತ್ತದೆ. ರಾಗ್ಲಾನ್ ತೋಳಿನ ಹೊಲಿಗೆ ಕತ್ತಿನಿಂದ ಕಂಕುಳಿಗೆ ಓರೆಯಾಗಿ ಬರುತ್ತದೆ, ಅದರಲ್ಲಿ ಭುಜದ ತುದಿಗೆ ಹೊಲಿಗೆಯೇ ಇರುವುದಿಲ್ಲ. ಅದರ ಉದ್ದವನ್ನು ಕತ್ತಿನಿಂದಲೇ ಹೇಳಬೇಕು. ಭುಜದಿಂದ ಹೇಳಿದರೆ ಭುಜದ ಉದ್ದದಷ್ಟು, ಅಂದರೆ ನಾಲ್ಕೈದು ಇಂಚು ಗಿಡ್ಡವಾಗಿ ಬರುತ್ತದೆ.

ಇನ್ನು "ಮಂಡಿ ಉದ್ದ". ಕುರ್ತಿಯ ಉದ್ದವನ್ನು ಭುಜ ಮತ್ತು ಕತ್ತು ಸೇರುವ ಜಾಗದಿಂದ ಎದೆಯ ಮೇಲೆ ಹಾಯಿಸಿ ಕೆಳಗಿನ ಅಂಚಿನವರೆಗೆ ಅಳೆಯುತ್ತಾರೆ. ಒಂದೇ 42 ಇಂಚು ಐದಡಿ ಎತ್ತರದವರಿಗೆ ಮೀನಖಂಡದ ಮಧ್ಯಕ್ಕೆ ಇಳಿಯುತ್ತದೆ, ಐದೂವರೆ ಅಡಿಯವರಿಗೆ ಮಂಡಿಯಿಂದ ನಾಲ್ಕು ಇಂಚು ಕೆಳಗಷ್ಟೇ ನಿಲ್ಲುತ್ತದೆ. ಅಂಗಡಿಯ ಚೀಟಿಯ ಸಂಖ್ಯೆ ನಂಬದೆ ಮೈಮೇಲೆ ಅಳೆಯಿರಿ, "ಮಂಡಿಯ ಕೆಳಗೆ ಎರಡು ಇಂಚು" ಎಂದು ಜಾಗ ಹೇಳಿ ಸಂಖ್ಯೆಯನ್ನೂ ಬರೆಯಿರಿ. ಎರಡೂ ತಾಳೆಯಾಗದಿದ್ದರೆ ಕತ್ತರಿ ಹಾಕುವ ಮೊದಲೇ ಹೊಲಿಯುವವರು ಕೇಳುತ್ತಾರೆ. ಹತ್ತಿ ಬಟ್ಟೆಯನ್ನು ಒಮ್ಮೆ ನೆನೆಸಿ ಒಣಗಿಸಿ ಕೊಡಿ, ಆಮೇಲೆ ಕುಗ್ಗುವ ಭಯವಿಲ್ಲ. ಸೈಡ್ ಕಟ್ ಎಲ್ಲಿಂದ ಶುರು ಎನ್ನುವುದೂ ಈ ಸಾಲಿನಲ್ಲೇ ಸೇರಲಿ.

ಪಾದದವರೆಗಿನ ಅನಾರ್ಕಲಿ, ಗೌನ್ ಹೊಲಿಸುವವರು ಹಾಕಿಕೊಳ್ಳುವ ಚಪ್ಪಲಿಯಲ್ಲೇ ನಿಂತು ಅಳೆಸಬೇಕು. ನೆಲದಿಂದ ಒಂದಿಂಚು ಮೇಲೆ ಎಂಬುದು ಒಣ ನೆಲದ ಲೆಕ್ಕ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಕಲೇಶಪುರ, ಮೂಡಿಗೆರೆ ಕಡೆ ಮದುವೆಗೆ ಹೋಗುವವರು ಪಾದದ ಗಂಟಿಗಿಂತ ಎರಡು ಇಂಚು ಮೇಲೆ ನಿಲ್ಲಿಸುವುದು ಒಳ್ಳೆಯದು. ಅಂಚಿನ ಒದ್ದೆ ಮೇಲಕ್ಕೇರಿ ಬಟ್ಟೆ ಭಾರವಾಗುತ್ತದೆ. ನೇರ ಕಟ್ಟಿನ ಅಂಚಿಗೆ ಒಂದೂವರೆ ಇಂಚು ಮಡಿಕೆ ಚಂದ. ಅಂಬ್ರೆಲಾ ಕಟ್ಟಿಗೆ ಅರ್ಧ ಇಂಚಿಗಿಂತ ಹೆಚ್ಚು ಮಡಿಸಬಾರದು. ಬಾಗಿದ ಅಂಚಿನ ಹೊರಸುತ್ತು ಒಳಸುತ್ತಿಗಿಂತ ದೊಡ್ಡದಾದ್ದರಿಂದ ಉಳಿಕೆ ಬಟ್ಟೆ ಸುಕ್ಕಾಗುತ್ತದೆ. ಅಂಬ್ರೆಲಾವನ್ನು ಒಂದು ರಾತ್ರಿ ಹ್ಯಾಂಗರಿಗೆ ತೂಗುಬಿಟ್ಟು ಆಮೇಲೆ ಅಂಚು ಮಡಿಸಿ ಎನ್ನಿ. ಓರೆ ಎಳೆಯ ಬಟ್ಟೆ ತೂಗಿದಷ್ಟು ಇಳಿಯುತ್ತದೆ. ಮೊದಲೇ ಮಡಿಸಿದರೆ ಕೆಲವು ಕಡೆ ಒಂದಿಂಚು ಜಾಸ್ತಿ ಬಂದು ಅಂಚು ವಂಕಿವಂಕಿಯಾಗುತ್ತದೆ.

ಆ ಮೊದಲಿನ ಸಂದೇಶ ಈಗ ಹೀಗಿರಲಿ: "ಚೈನೀಸ್ ಕಾಲರ್, ಎತ್ತರ ಒಂದಿಂಚು, ಕ್ಯಾನ್ವಾಸ್ ಹಾಕಿ. ಕತ್ತಿನ ಬುಡ 14, ಸಡಿಲ ಸೇರಿ 14.5. ಮುಂದೆ 5 ಇಂಚು ಓಪನ್, ಪಟ್ಟಿ, ಮೂರು ಗುಂಡಿ. ತೋಳು ಮಾಮೂಲಿ ಆಕಾರ, ಪಫ್ ಬೇಡ, ಭುಜದ ತುದಿಯಿಂದ 16.5, ತುದಿಯ ಸುತ್ತಳತೆ 10.5. ಉದ್ದ ಕತ್ತಿನ ಪಕ್ಕದ ಭುಜದಿಂದ 39, ಮಂಡಿಯ ಕೆಳಗೆ ಎರಡು ಇಂಚು ಬರಬೇಕು. ಸೈಡ್ ಕಟ್ ಸೊಂಟದ ಕೆಳಗೆ 7 ಇಂಚಿನಿಂದ. ಬಟ್ಟೆ ನೆನೆಸಿ ಒಣಗಿಸಿದ್ದೇವೆ ಅಣ್ಣ."