ಮೂರು ಚಪ್ಪಾಳೆಯ ಇಂಗ್ಲಿಷ್

ಕುಂಬಳೆ ಹತ್ತಿರದ ನಮ್ಮ ಕನ್ನಡ ಮೀಡಿಯಂ ಶಾಲೆಯಲ್ಲಿ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಕೇಳಿದಳು: "ಮಾಷ್ಟ್ರೇ, ಪುಸ್ತಕದ ಇಂಗ್ಲಿಷ್ ಓದಿದರೆ ಅರ್ಥ ಆಗ್ತದೆ. ಅದೇ ಮಾತು ಕ್ರಿಕೆಟ್ ಕಾಮೆಂಟ್ರಿಯಲ್ಲಿ ಬಂದರೆ ಅರ್ಧ ಶಬ್ದ ಕೇಳುವುದೇ ಇಲ್ಲ. ಅವರು ನುಂಗ್ತಾರಾ?"

ನುಂಗುತ್ತಾರೆ. ಆದರೆ ಯಾವುದನ್ನು ಬೇಕಾದರೂ ನುಂಗುವುದಿಲ್ಲ. ಅದಕ್ಕೊಂದು ತಾಳ ಇದೆ. ಯಕ್ಷಗಾನದ ಊರಿನ ಮಕ್ಕಳಿಗೆ ತಾಳ ಹಾಕಿ ತೋರಿಸುವುದೇ ಸುಲಭ ಅಂತ ಬೋರ್ಡಿನ ಮೇಲೆ ಮೂರು ವಾಕ್ಯ ಬರೆದೆ.

ಮೆನ್ ಸೆಲ್ ಫಿಶ್.
ದ ಮೆನ್ ಸೆಲ್ ದ ಫಿಶ್.
ದ ಮೆನ್ ವಿಲ್ ಹ್ಯಾವ್ ಬೀನ್ ಸೆಲ್ಲಿಂಗ್ ದ ಫಿಶ್.

ಒಂದೇ ವೇಗದಲ್ಲಿ ಮೂರು ಚಪ್ಪಾಳೆ ಹೊಡೆಯಿರಿ. ಮೊದಲನೆಯದು ‘ಮೆನ್’ ಮೇಲೆ, ಎರಡನೆಯದು ‘ಸೆಲ್’ ಮೇಲೆ, ಮೂರನೆಯದು ‘ಫಿಶ್’ ಮೇಲೆ. ವಾಕ್ಯ ಎಷ್ಟೇ ಉದ್ದವಾದರೂ ಚಪ್ಪಾಳೆ ಮೂರೇ. ಮೊದಲ ವಾಕ್ಯದಲ್ಲಿ ಉಚ್ಚಾರದ ತುಂಡು ಮೂರು, ಕೊನೆಯದರಲ್ಲಿ ಒಂಬತ್ತು. ‘ವಿಲ್ ಹ್ಯಾವ್ ಬೀನ್’ ಮೂರೂ ಎರಡು ಚಪ್ಪಾಳೆಗಳ ನಡುವೆಯೇ ತೂರಬೇಕು. ಹಾಗಾಗಿ ಬಾಯಲ್ಲಿ ಬರುವುದು ‘ಮೆನ್-ಲ್-ಅವ್-ಬಿನ್ ಸೆಲ್ಲಿಂಗ್’ ಅಂತ. ಹುಡುಗಿಗೆ ಕೇಳದೆ ಹೋದ ಶಬ್ದಗಳು ಇವೇ.

ಈಗ ಕನ್ನಡಕ್ಕೆ ಬನ್ನಿ. ‘ಮೀನು ಮಾರಿದರು’ ಅನ್ನಿ, ಪ್ರತಿ ಅಕ್ಷರಕ್ಕೂ ಒಂದು ಚಪ್ಪಾಳೆ. ಆರು. ಆಮೇಲೆ ‘ಮೀನುಗಳನ್ನು ಮಾರುತ್ತಿದ್ದರು’ ಅನ್ನಿ. ಹತ್ತು. ಛಂದಸ್ಸಿನ ಪಾಠದಲ್ಲಿ ಕಲಿತ ಹಾಗೆ ಲಘುವಿಗೆ ಒಂದು, ಗುರುವಿಗೆ ಎರಡು ಮಾತ್ರೆ ಹಾಕಿದರೆ ಮೊದಲನೆಯದು ಎಂಟು, ಎರಡನೆಯದು ಹದಿನೈದು. ಇಲ್ಲಿ ಯಾರೂ ಯಾರಿಗಾಗಿಯೂ ಜಾಗ ಬಿಟ್ಟುಕೊಡುವುದಿಲ್ಲ. ಅಕ್ಷರ ಸೇರಿದ ಹಾಗೆ ಹೊತ್ತೂ ಸೇರುತ್ತದೆ. ಕನ್ನಡವನ್ನು ‘ಅಕ್ಷರ ತಾಳದ ಭಾಷೆ’ ಅನ್ನುವುದು ವಾಡಿಕೆ. ಗುರುವಿಗೆ ಎರಡು ಪಾಲು ಸಿಗುವುದರಿಂದ ‘ಮಾತ್ರೆಯ ತಾಳ’ ಅಂದರೇ ಇನ್ನೂ ಸರಿ ಅಂತ ನನಗನಿಸುತ್ತದೆ.

ಈ ಎರಡು ಬಗೆಯ ತಾಳಕ್ಕೆ ಹೆಸರು ಕೊಟ್ಟವರು ಅಮೆರಿಕದ ಭಾಷಾವಿಜ್ಞಾನಿ ಕೆನೆತ್ ಪೈಕ್, 1945ರಲ್ಲಿ. ಇಂಗ್ಲಿಷಿನಲ್ಲಿ ಒತ್ತಿನಿಂದ ಒತ್ತಿಗೆ, ಅಂದರೆ ನಮ್ಮ ಚಪ್ಪಾಳೆಯಿಂದ ಚಪ್ಪಾಳೆಗೆ, ಹಿಡಿಯುವ ಹೊತ್ತು ಸಮ ಅನ್ನುವುದು ಆ ವಿಚಾರ. ಆಮೇಲೆ ಬ್ರಿಟನ್ನಿನ ಧ್ವನಿವಿಜ್ಞಾನಿ ಪೀಟರ್ ರೋಚ್ ಥರದವರು ಧ್ವನಿಮುದ್ರಣ ಹಿಡಿದು ಅಳೆದು ನೋಡಿದರು. ಅಷ್ಟು ಸಮ ಇರಲಿಲ್ಲ! ನಡುವೆ ತುಂಡುಗಳು ಜಾಸ್ತಿಯಾದರೆ ಹೊತ್ತೂ ಸ್ವಲ್ಪ ಹಿಗ್ಗುತ್ತದೆ. ಹಾಗಾದರೆ ನಮ್ಮ ಚಪ್ಪಾಳೆ ಸುಳ್ಳಾ? ಗಡಿಯಾರದ ಲೆಕ್ಕದಲ್ಲಿ ಹೌದು. ಆದರೆ ಅದು ತೋರಿಸುವ ಸಂಗತಿ ಸುಳ್ಳಲ್ಲ. ಒತ್ತಿಲ್ಲದ ಸ್ವರ ಇಂಗ್ಲಿಷಿನಲ್ಲಿ ಸೊರಗುತ್ತದೆ. ‘ಆ’, ‘ಎ’, ‘ಓ’ ಯಾವುದೇ ಇರಲಿ, ಹೆಚ್ಚಾಗಿ ಬಾಯಿ ಅರ್ಧವೂ ತೆರೆಯದ ಒಂದು ಮಸುಕು ‘ಅ’ ಆಗಿಬಿಡುತ್ತದೆ. ಅದನ್ನು ಬರೆಯಲು ಕನ್ನಡದಲ್ಲಿ ಅಕ್ಷರವಿಲ್ಲ. ಕನ್ನಡದ ಸ್ವರ ಇಷ್ಟೊಂದು ಬಣ್ಣ ಬದಲಿಸುವುದಿಲ್ಲ.

ಮಕ್ಕಳು ಎಡವುವುದು ಇಲ್ಲೇ. ಮೂರು ಚಪ್ಪಾಳೆಯೊಳಗೆ ಮುಗಿಸಿ ಅಂದರೆ ಎಲ್ಲ ಅಕ್ಷರವನ್ನೂ ಪೂರ್ತಿ ಹೇಳುತ್ತಾ ಓಡುತ್ತಾರೆ. ವೇಗ ಬರುತ್ತದೆ, ತಾಳ ಬರುವುದಿಲ್ಲ. ಗುರುತಿಸುವುದು ಸುಲಭ. ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೇಳಿ. ‘ಹ್ಯಾವ್’ನ ‘ಹ್ಯಾ’ ಸ್ಪಷ್ಟವಾಗಿ ಕೇಳಿಸಿತು ಅಂದರೆ ಅದಿನ್ನೂ ಸೊರಗಿಲ್ಲ ಅಂತ ಅರ್ಥ. ಆಗ ಹಿಂದಿನಿಂದ ಕಟ್ಟಿಕೊಂಡು ಬನ್ನಿ. ‘ಫಿಶ್’. ‘ಸೆಲ್ಲಿಂಗ್-ದ ಫಿಶ್’. ‘ಬಿನ್ ಸೆಲ್ಲಿಂಗ್-ದ ಫಿಶ್’. ಒಂದೊಂದನ್ನೇ ಸೇರಿಸುತ್ತಾ ಹೋಗಿ, ಚಪ್ಪಾಳೆಯ ವೇಗ ಮಾತ್ರ ಮುಟ್ಟಬೇಡಿ.

ನಾವು ನಾವೇ ಮಾತಾಡುವಾಗ ಅಕ್ಷರ ಅಕ್ಷರ ಬಿಡಿಸಿ ಆಡುವ ಇಂಗ್ಲಿಷಿನಿಂದ ಏನೂ ತೊಂದರೆ ಇಲ್ಲ. ಕಾಸರಗೋಡಿನ ಪೇಟೆಯಲ್ಲಿ ತುಳು, ಮಲಯಾಳಂ, ಕನ್ನಡ, ಕೊಂಕಣಿಯವರಿಗೆಲ್ಲ ಅದೇ ಚೆನ್ನಾಗಿ ಅರ್ಥವಾಗುತ್ತದೆ. ಆದರೆ ಒಂದು ಕಡೆ ಅರ್ಥವೇ ತಿರುಗಿಬೀಳಬಹುದು. ‘ಐ ಕ್ಯಾನ್ ಗೋ’ ಅಂತ ಮೂರಕ್ಕೂ ಸಮ ಒತ್ತು ಹಾಕಿ ಹೇಳಿ ನೋಡಿ. ಅಮೆರಿಕದವರ ಬಾಯಲ್ಲಿ ‘ಹೋಗಬಲ್ಲೆ’ ಅನ್ನುವಾಗ ‘ಕ್ಯಾನ್’ ಸೊರಗಿ ‘ಕನ್’ ಆಗುತ್ತದೆ, ಒತ್ತು ‘ಗೋ’ ಮೇಲೆ. ‘ಆಗುವುದಿಲ್ಲ’ ಅನ್ನುವ ‘ಕ್ಯಾಂಟ್’ ಮಾತ್ರ ಪೂರ್ತಿ ಉಳಿಯುತ್ತದೆ, ಅದರ ಕೊನೆಯ ‘ಟ್’ ಎಷ್ಟೋ ಸಲ ಕೇಳಿಸುವುದೇ ಇಲ್ಲ. ಹಾಗಾಗಿ ನಮ್ಮ ಒತ್ತಿದ ‘ಕ್ಯಾನ್’ ಅವರ ಕಿವಿಗೆ ‘ಆಗುವುದಿಲ್ಲ’ ಅಂತ ಬೀಳಬಹುದು.

ಆ ಹುಡುಗಿ ಇದನ್ನು ಡೆಸ್ಕಿನ ಮೇಲೆ ತಟ್ಟಿ ನೋಡಿದಳು. ‘ಐ ಕನ್ ಗೋ’, ಒಂದೇ ತಟ್ಟು, ‘ಗೋ’ ಮೇಲೆ. ‘ಐ ಕ್ಯಾಂಟ್ ಗೋ’, ಎರಡು ತಟ್ಟು. ಮರುದಿನ ಕಾಮೆಂಟ್ರಿಯ ತುಣುಕೊಂದನ್ನು ಮೊಬೈಲಿನಲ್ಲಿ ಹಾಕಿಕೊಂಡು ಬಂದಿದ್ದಳು, ಅದಕ್ಕೂ ತಟ್ಟುತ್ತಾ.