ಗುಡ್ಡದ ಮೇಲೆ ಕಪ್ಪೆಚಿಪ್ಪು ಹೆಂಗೆ ಬಂತು?

ಹೋದ ರಜೇಲಿ ಗುಡ್ಡ ಹತ್ತೋವಾಗ ನಮ್ಮಕ್ಕನ ಮಗ ಅರ್ಧ ದಾರೀಲೇ ಕೂತ್ಬಿಟ್ಟ. ಸುಸ್ತಾಗಿದೆ ಅನ್ಕೊಂಡೆ, ನೋಡಿದ್ರೆ ಕಲ್ಲೊಂದನ್ನ ಉಗುರಲ್ಲಿ ಕೆರೀತಾ ಇದಾನೆ. "ಮಾಮ, ಇಲ್ಲಿ ಬೀಚ್ ಇತ್ತಾ?" ಅಂದ. ಬೂದಿ ಬಣ್ಣದ ಕಲ್ಲೊಳಗೆ ಹೆಬ್ಬೆರಳಿನ ಉಗುರಷ್ಟು ದೊಡ್ಡ ಚಿಪ್ಪು, ಬೀಸಣಿಗೆ ಥರ ಗೆರೆ ಗೆರೆ, ಎರಡು ಹೋಳೂ ಬಾಯಿ ಮುಚ್ಕೊಂಡು ಹಂಗೇ ಕೂತಿದೆ. ಫೋನ್ ತೆಗೆದು ನೋಡಿದೆ, ಸಮುದ್ರ ಮಟ್ಟದಿಂದ 1,200 ಮೀಟರ್ ಮೇಲಿದೀವಿ.

ನಾನು ಉತ್ತರ ಹೇಳೋಕೆ ಮುಂಚೆ ಅವನೇ ಮೂರು ಉತ್ತರ ಕೊಟ್ಟ. ಯಾರೋ ಬಿಸಾಕಿರ್ಬೇಕು, ಇಲ್ಲಾಂದ್ರೆ ದೊಡ್ಡ ಪ್ರವಾಹ ಬಂದು ತಂದು ಹಾಕಿರ್ಬೇಕು, ಅದೂ ಅಲ್ದಿದ್ರೆ ಆಗ ಸಮುದ್ರದ ನೀರೇ ಇಷ್ಟೆತ್ತರ ಇದ್ದಿರ್ಬೇಕು. ತಮಾಷೆ ಅಂದ್ರೆ ದೊಡ್ಡ ದೊಡ್ಡೋರು ಎರಡು ಸಾವಿರ ವರ್ಷ ಕಿತ್ತಾಡಿದ್ದೂ ಹೆಚ್ಚುಕಮ್ಮಿ ಇವೇ ಉತ್ತರಗಳನ್ನ ಇಟ್ಕೊಂಡು.

ಯಾರೋ ಬಿಸಾಕಿದ್ದು ಅನ್ನೋದನ್ನ 18ನೇ ಶತಮಾನದಲ್ಲಿ ಫ್ರಾನ್ಸಿನ ಲೇಖಕ ವೋಲ್ಟೇರ್ ಅಂಥಾ ಬುದ್ಧಿವಂತನೇ ಹೇಳಿದ್ದ, ಆಲ್ಪ್ಸ್ ಬೆಟ್ಟದ ಚಿಪ್ಪುಗಳು ಯಾತ್ರಿಕರ ಟೋಪಿಯಿಂದ ಬಿದ್ದಿರ್ಬಹುದು ಅಂತ. ಆ ಕಾಲದ ಯಾತ್ರಿಕರು ನಿಜವಾಗ್ಲೂ ಚಿಪ್ಪು ಸಿಕ್ಕಿಸ್ಕೊಂಡು ಓಡಾಡ್ತಿದ್ರು, ಅದಕ್ಕೇ ಮಾತು ಸ್ವಲ್ಪ ನಂಬೋ ಹಂಗಿತ್ತು. ಆದ್ರೆ ಬಿದ್ದ ಚಿಪ್ಪು ಮಣ್ಣಿನ ಮೇಲಿರುತ್ತೆ, ಕಲ್ಲೊಳಗೆ ಹೋಗಿ ಕೂರಲ್ಲ. ಇವನಿಗೆ ಅದನ್ನ ಹೇಳ್ಬೇಕಾಗೇ ಇರ್ಲಿಲ್ಲ, ಅಷ್ಟೊತ್ತು ಕೆರೆದ್ರೂ ಚಿಪ್ಪು ಅಲ್ಲಾಡಿರ್ಲಿಲ್ಲವಲ್ಲ.

ಪ್ರವಾಹದ ಉತ್ತರ ಮಾತ್ರ ಗಟ್ಟಿ ಆಸಾಮಿ, ನೂರಾರು ವರ್ಷ ನಿಂತಿತ್ತು. ಬೈಬಲ್ಲಿನ ನಲವತ್ತು ದಿನದ ಮಳೆಗೆ ಸಮುದ್ರ ಉಕ್ಕಿ ಚಿಪ್ಪುಗಳು ಬೆಟ್ಟ ಹತ್ತಿದವು ಅಂತ ಯೂರೋಪಲ್ಲಿ ಜನ ನಂಬಿದ್ರು. ಇದಕ್ಕೆ ಲೆಕ್ಕ ಹಾಕಿ ತಲೆ ಮೇಲೆ ಹೊಡೆದೋನು ಲಿಯೊನಾರ್ಡೊ ಡಾ ವಿಂಚಿ, 1500ರ ನಂತರದ ವರ್ಷಗಳಲ್ಲಿ, ತನ್ನ ನೋಟ್‌ಬುಕ್ಕಲ್ಲಿ. ಚಿಪ್ಪಿನ ಜೀವಿ ಈಜಲ್ಲ, ಮರಳಲ್ಲಿ ಗೆರೆ ಕೊರ್ಕೊಂಡು ದಿನಕ್ಕೆ ಮೂರ್ನಾಲ್ಕು ಮೊಳ ಹೋಗುತ್ತೆ, ಅಂಥದ್ದು ಏಡ್ರಿಯಾಟಿಕ್ ಸಮುದ್ರದಿಂದ ಇಟಲಿಯ ಮೊನ್ಫೆರಾತೊವರೆಗೆ 250 ಮೈಲಿ ನಲವತ್ತು ದಿನದಲ್ಲಿ ಹೆಂಗೆ ಹೋಯ್ತು ಅಂತ ಕೇಳ್ದ. ಅಲ್ಲೇ ಕಲ್ಲಿನ ಮೇಲೆ ಕೂತು ಲೆಕ್ಕ ಮಾಡಿದ್ವಿ. ಅವನ ಕಾಲದ ಇಟಲಿಯ ಮೊಳ ನಮ್ಮದಕ್ಕಿಂತ ಉದ್ದ, ಹಂಗಾಗಿ ಅವನ ಅಳತೆ ದಿನಕ್ಕೆ ಹೆಚ್ಚಂದ್ರೆ ಎರಡೂವರೆ ಮೀಟರ್ ಹತ್ರ ಬರುತ್ತೆ, ಅಂದ್ರೆ ನಲವತ್ತು ದಿನಕ್ಕೆ ನೂರು ಮೀಟರ್, ಹೋಗ್ಬೇಕಾಗಿದ್ದು ನಾನೂರು ಕಿಲೋಮೀಟರ್. ಹುಡುಗ ನಗೋಕೆ ಶುರು ಮಾಡ್ದ.

ಸರಿ, ನಡ್ಕೊಂಡ್ ಹೋಗಿಲ್ಲ, ನೀರೇ ಎತ್ತಾಕ್ಕೊಂಡ್ ಹೋಯ್ತು ಅನ್ನಿ. ಅದಕ್ಕೂ ಲಿಯೊನಾರ್ಡೊ ಹತ್ರ ಉತ್ತರ ಇತ್ತು, ನನಗೆ ತುಂಬಾ ಇಷ್ಟ ಆಗೋದೂ ಇದೇ. ಪ್ರವಾಹ ಬಂದ್ರೆ ಎಲ್ಲಾ ಒಡೆದು ಕಲಸುಮೇಲೋಗರ ಆಗ್ಬೇಕು. ಆದ್ರೆ ಬೆಟ್ಟದಲ್ಲಿ ಚಿಪ್ಪುಗಳು ಪದರ ಪದರವಾಗಿ ಸಿಗ್ತವೆ, ಮರಿ ದೊಡ್ಡದು ಒಟ್ಟಿಗೆ ಸಿಗ್ತವೆ, ಎರಡು ಹೋಳು ಕೂಡ್ಕೊಂಡೇ ಸಿಗ್ತವೆ. ಜೀವ ಹೋದ್ಮೇಲೆ ಆ ಎರಡು ಹೋಳನ್ನ ಹಿಡಿದಿರೋ ನಾರು ಬೇಗ ಕೊಳೆತು ಹೋಗುತ್ತೆ, ಆಮೇಲೆ ಅಲೆಗೆ ಸಿಕ್ಕಿದ್ರೆ ಒಂದು ಹೋಳು ಅಲ್ಲಿ ಒಂದು ಇಲ್ಲಿ, ಬೀಚಲ್ಲಿ ನಮಗೆ ಸಿಗೋದು ಹೆಚ್ಚಾಗಿ ಒಂಟಿ ಹೋಳೇ. ಬಾಯಿ ಮುಚ್ಚಿದ ಜೋಡಿ ಸಿಕ್ತು ಅಂದ್ರೆ ಆ ಪ್ರಾಣಿ ಬದುಕಿದ್ದ ಜಾಗದ ಹತ್ರವೇ ಸತ್ತು ಕೆಸರಲ್ಲಿ ಹೂತೋಗಿದೆ. ನಮ್ಮ ಕಲ್ಲಲ್ಲಿದ್ದಿದ್ದೂ ಜೋಡಿನೇ. ಹಂಗಾದ್ರೆ ಚಿಪ್ಪು ಬೇರೆ ಕಡೆಯಿಂದ ಬಂದಿಲ್ಲ, ಆ ಕಲ್ಲೇ ಒಂದು ಕಾಲದ ಸಮುದ್ರದ ತಳ.

ಉಳಿದಿದ್ದು ನೀರೇ ಎತ್ತರ ಇತ್ತು ಅನ್ನೋದು. ಇದು ಪೂರ್ತಿ ಸುಳ್ಳಲ್ಲ, ಹಿಂದೆ ಸಮುದ್ರ ಮಟ್ಟ ಈಗಿಗಿಂತ ನೂರಿನ್ನೂರು ಮೀಟರ್ ಮೇಲಿದ್ದ ಕಾಲಗಳಿದ್ವು, ಆಗ ಬಯಲು ಸೀಮೆಗಳ ಮೇಲೆಲ್ಲ ನೀರು ನಿಂತಿತ್ತು. ಆದ್ರೆ ಈಗ ಭೂಮಿ ಮೇಲಿರೋ ಐಸ್ ಎಲ್ಲಾ ಕರಗಿದ್ರೂ ಸಮುದ್ರ ಏರೋದು ಸುಮಾರು 70 ಮೀಟರ್ ಅಷ್ಟೇ. ನಾವು ನಿಂತಿದ್ದು 1,200ರಲ್ಲಿ, ಅಷ್ಟು ನೀರು ಎಲ್ಲಿಂದ ತರೋದು, ಆಮೇಲೆ ಎಲ್ಲಿಗೆ ಕಳಿಸೋದು?

ಅಂದ್ಮೇಲೆ ನೀರು ಹತ್ತಿಲ್ಲ, ನೆಲ ಎದ್ದಿದೆ. ಇದನ್ನ ಕಣ್ಣಾರೆ ಕಂಡೋರಿದಾರೆ. 1835ರ ಫೆಬ್ರವರಿ 20ಕ್ಕೆ ಚಿಲಿ ದೇಶದಲ್ಲಿ ದೊಡ್ಡ ಭೂಕಂಪ ಆಯ್ತು, ಬೀಗಲ್ ಹಡಗಲ್ಲಿ ಬಂದಿದ್ದ ಚಾರ್ಲ್ಸ್ ಡಾರ್ವಿನ್ ಆಗ ಅದೇ ದೇಶದಲ್ಲಿದ್ದ. ಹಡಗಿನ ಕ್ಯಾಪ್ಟನ್ ಫಿಟ್ಜ್‌ರಾಯ್ ಸಾಂತಾ ಮರಿಯಾ ದ್ವೀಪಕ್ಕೆ ಹೋಗಿ ಅಳತೆ ತಗೊಂಡ. ಅಲ್ಲಿನ ಜನ ಮುಂಚೆ ನೀರಲ್ಲಿ ಮುಳುಗಿ ಕಿತ್ತು ತರ್ತಿದ್ದ ಚಿಪ್ಪುಗಳು ಈಗ ಉಬ್ಬರದ ಗೆರೆಗಿಂತ ಹತ್ತಡಿ ಮೇಲೆ, ಬಂಡೆಗೆ ಅಂಟ್ಕೊಂಡೇ ಬಿಸಿಲಲ್ಲಿ ಕೊಳೀತಿದ್ವು. ಡಾರ್ವಿನ್ಗೆ ವಾಲ್ಪರೈಸೊ ಹತ್ರ ಅಂಥದ್ದೇ ಚಿಪ್ಪುಗಳು 1,300 ಅಡಿ ಎತ್ತರದಲ್ಲೂ ಸಿಕ್ಕಿದ್ವು. ಹತ್ತಡಿಯಂತೆ 130 ಸಲ ಅಂತ ಇವನು ಥಟ್ ಅಂತ ಭಾಗಿಸ್ದ. ಅಷ್ಟು ಸರಳ ಇಲ್ಲ, ಭೂಕಂಪ ಎತ್ತಿದ ನೆಲ ಆಮೇಲೆ ಸ್ವಲ್ಪ ಕುಸಿಯೋದೂ ಉಂಟು, ನಡುವೆ ನಿಧಾನಕ್ಕೆ ಏರೋದೂ ಉಂಟು, ಆದ್ರೂ ದಾರಿ ಅದೇ. ವರ್ಷಕ್ಕೆ ಒಂದೇ ಮಿಲಿಮೀಟರ್ ಎದ್ರೂ ಹತ್ತು ಲಕ್ಷ ವರ್ಷಕ್ಕೆ ಒಂದು ಕಿಲೋಮೀಟರ್.

ಎತ್ತೋದು ಯಾರು ಅನ್ನೋದು ಡಾರ್ವಿನ್ಗೂ ಸರಿಯಾಗಿ ಗೊತ್ತಿರ್ಲಿಲ್ಲ, 1960ರ ದಶಕದಲ್ಲಿ ಭೂಮಿಯ ಚಿಪ್ಪೇ ತುಂಡು ತುಂಡು ಪ್ಲೇಟ್‌ಗಳಾಗಿ ಸರೀತಾ ಇದೆ ಅಂತ ಒಪ್ಕೊಂಡ್ಮೇಲೆ ಗೊತ್ತಾಗಿದ್ದು. ಹಿಮಾಲಯ ನೋಡಿ, ಸುಮಾರು 5 ಕೋಟಿ ವರ್ಷದ ಹಿಂದೆ ಭಾರತದ ಭೂಭಾಗ ಏಷ್ಯಾಕ್ಕೆ ಗುದ್ದಿದಾಗ ನಡುವಿದ್ದ ಟೆಥಿಸ್ ಸಮುದ್ರ ಮುಚ್ಚೋಯ್ತು, ತಳದ ಕೆಸರಿನ ಪದರಗಳು ಜಮಖಾನ ತಳ್ಳಿದ್ರೆ ಮುದುಡೋ ಹಂಗೆ ಮುದುಡಿ ಮೇಲೆದ್ವು. 8,849 ಮೀಟರ್ ಎತ್ತರದ ಎವರೆಸ್ಟ್ ತುದಿಯ ಕಲ್ಲು ಸುಣ್ಣಕಲ್ಲು, ಅದರಲ್ಲಿ ಸಮುದ್ರ ಜೀವಿಗಳ ಚೂರುಗಳಿವೆ. ಆ ಕಲ್ಲಿನ ವಯಸ್ಸು 40 ಕೋಟಿ ವರ್ಷಕ್ಕೂ ಜಾಸ್ತಿ, ಬೆಟ್ಟ ಎದ್ದಿದ್ದು ತೀರಾ ಈಚೆಗೆ. ಚಿಪ್ಪಿನ ವಯಸ್ಸೇ ಬೆಟ್ಟದ ವಯಸ್ಸು ಅಂತ ಅಂದ್ಕೊಂಡು ಎಡವೋರು ತುಂಬಾ ಜನ.

ಮಾರನೇ ದಿನ ಹುಡುಗ ಓಡಿ ಬಂದ, ಕೈಯಲ್ಲಿ ಬೆಳ್ಳಗಿನ ಸುರುಳಿ ಚಿಪ್ಪು, "ಇನ್ನೊಂದು ಸಿಕ್ತು!" ತೆಳ್ಳಗಿತ್ತು, ಹಗುರ, ಹುಲ್ಲಲ್ಲಿ ಸುಮ್ನೆ ಬಿದ್ದಿತ್ತಂತೆ. ಅದು ಬಸವನಹುಳದ್ದು, ಹೋದ ಮಳೆಗಾಲದ್ದಿರ್ಬೇಕು. ಮುಖ ಸಣ್ಣಗಾಯ್ತು ಪಾಪ. ಕೆರೆ ಹೊಳೆಯಲ್ಲೂ ಎರಡು ಹೋಳಿನ ಚಿಪ್ಪಿರ್ತವೆ, ಹಂಗಾಗಿ ಒಂದು ಚಿಪ್ಪು ನೋಡಿ ಸಮುದ್ರ ಅನ್ನೋಕಾಗಲ್ಲ, ಜೊತೇಲಿ ಯಾರಿದಾರೆ ನೋಡ್ಬೇಕು. ಮೈಯೆಲ್ಲ ಮುಳ್ಳಿರೋ ಸೀ ಅರ್ಚಿನ್ ಅಥವಾ ನಕ್ಷತ್ರ ಮೀನಿನ ಚೂರು ಸಿಕ್ರೆ ಉಪ್ಪುನೀರೇ, ಆ ಗುಂಪಿನ ಒಂದು ಜೀವಿಯೂ ಸಿಹಿನೀರಲ್ಲಿ ಬದುಕಲ್ಲ. ಮೊದಲನೇ ಕಲ್ಲನ್ನ ಲೆನ್ಸ್ ಹಿಡಿದು ತಿರುಗಿಸಿದ್ವಿ, ಚಿಪ್ಪಿನ ಪಕ್ಕದಲ್ಲೇ ಅರ್ಚಿನ್‌ನ ಮುಳ್ಳು, ಸಣ್ಣ ಪೆನ್ಸಿಲ್ ಮುರಿದಂಗೆ.

ಒಂದು ಎಡವಟ್ಟು ನಾನೇ ಮಾಡಿದೀನಿ. ಕಲ್ಲು ಒಡೆದು ತರೋವಾಗ ಯಾವ ಕಡೆ ಮೇಲಿತ್ತು ಅಂತ ಗುರುತು ಹಾಕ್ಲಿಲ್ಲ, ಮಡಿಸಿದ ಬೆಟ್ಟದಲ್ಲಿ ಪದರ ತಲೆಕೆಳಗಾಗಿದ್ಯಾ ಅಂತ ಹೇಳೋಕೆ ಅದೇ ಬೇಕು. ಈಗ ಅವನ ಡಬ್ಬಿ ಮೇಲೆ ಚೀಟಿ ಅಂಟಿಸಿದಾನೆ: "1,200 ಮೀಟರ್, ಸಮುದ್ರದ ತಳ, ಮೇಲೆ ಯಾವ್ದು ಮಾಮಂಗೆ ಗೊತ್ತಿಲ್ಲ."