ಕಿವಿಗೆ ಕೆಲಸವಿಲ್ಲದ ಆಟಗಳು

ಸರ್ಜಾಪುರ ರಸ್ತೆಯ ಒಂದು ಶಾಲೆಯಿಂದ ಬನಶಂಕರಿಗೆ ಹೋಗುವ ಬಸ್ಸು ಮಧ್ಯಾಹ್ನ 3:40ಕ್ಕೆ ಹೊರಡುತ್ತದೆ. 28 ಮಕ್ಕಳು, 11 ಸ್ಟಾಪು. ಕೊನೆಯ ಮಗು ಇಳಿಯುವಾಗ ಐದೂಕಾಲು ದಾಟಿರುತ್ತದೆ. ಇಷ್ಟು ಹೊತ್ತೂ ದೊಡ್ಡವರು ಅಂತ ಇರುವುದು ಇಬ್ಬರೇ. ಒಬ್ಬರು ಡ್ರೈವರ್, ಅವರ ಕಣ್ಣು ರಸ್ತೆ ಮೇಲೆ. ಇನ್ನೊಬ್ಬರು ಅಟೆಂಡರ್ ಅಕ್ಕ. ನಾನು ಶಾಲಾ ಬಸ್ಸಿನ ಅಟೆಂಡರ್‌ಗಳಿಗೆ ತರಬೇತಿ ಕೊಡುತ್ತೇನೆ. ಅದಕ್ಕೂ ಮುಂಚೆ ಪ್ರೈಮರಿ ಟೀಚರ್ ಆಗಿದ್ದೆ. ಅವರೆಲ್ಲ ಮೊದಲು ಕೇಳುವ ಪ್ರಶ್ನೆ ಒಂದೇ: "ಮೇಡಂ, ಸದ್ದಿಲ್ಲದೆ ಆಡಿಸೋ ಆಟ ಯಾವುದಿದೆ?"

ಸುಮಾರು ಜನ "ಮೆಲ್ಲಗೆ ಮಾತಾಡಿ ಆಡಿ" ಅಂತ ಹೇಳಿ ಅಂತ್ಯಾಕ್ಷರಿಯನ್ನೋ, ಪಿಸುಗುಟ್ಟಿ ಸುದ್ದಿ ದಾಟಿಸುವ ಆಟವನ್ನೋ ಶುರು ಮಾಡಿಸುತ್ತಾರೆ. ಹತ್ತೇ ನಿಮಿಷಕ್ಕೆ ಬಸ್ಸು ಸಂತೆಯಾಗುತ್ತದೆ. ತಪ್ಪು ಮಕ್ಕಳದ್ದಲ್ಲ. ಸುತ್ತ ಗದ್ದಲ ಇದ್ದರೆ ನಮ್ಮ ದನಿ ನಮಗೇ ಗೊತ್ತಿಲ್ಲದೆ ಏರುತ್ತದೆ. 1911ರಲ್ಲಿ ಇದರ ಬಗ್ಗೆ ಬರೆದ ಫ್ರೆಂಚ್ ವೈದ್ಯನ ಹೆಸರಿನಿಂದ ಇದನ್ನು ಲೊಂಬಾರ್ಡ್ ಪರಿಣಾಮ ಅನ್ನುತ್ತಾರೆ. ಬಸ್ಸಿನಲ್ಲಿ ಎಂಜಿನ್ ಸದ್ದು ಇದೆ, ಹೊರಗೆ ಹಾರನ್ ಇದೆ. ಪಕ್ಕದವನಿಗೆ ಕೇಳಿಸಲಿ ಅಂತ ಒಂದು ಜೋಡಿ ದನಿ ಏರಿಸಿದರೆ, ಹಿಂದಿನ ಸೀಟಿನವರಿಗೆ ಅದೂ ಒಂದು ಗದ್ದಲ. ಅವರೂ ಏರಿಸುತ್ತಾರೆ. ಆದ್ದರಿಂದ ಕೇಳಿಸಿಕೊಂಡು ಆಡಬೇಕಾದ ಯಾವ ಆಟವೂ ಬಸ್ಸಿನಲ್ಲಿ ಮೆಲ್ಲಗೆ ಉಳಿಯುವುದಿಲ್ಲ. ಆಟ ನಡೆಯಬೇಕಾದ್ದು ಕಣ್ಣಲ್ಲಿ, ಬೆರಳಲ್ಲಿ.

ಹಾಗಾದರೆ "ಯಾರು ಮೊದಲು ಮಾತಾಡ್ತಾರೋ ಅವರು ಔಟ್" ಅನ್ನುವ ಆಟ? ಅದನ್ನು ನಾನೇ ಆಡಿಸಿ ಕೆಟ್ಟಿದ್ದೇನೆ. ಪಿಕ್ನಿಕ್ಕಿನಿಂದ ವಾಪಸ್ ಬರುತ್ತಿದ್ದೆವು. ಬಸ್ಸು ನಿಶ್ಶಬ್ದ. ಒಳಗೊಳಗೇ ಬೀಗುತ್ತಿದ್ದೆ. ಎರಡನೇ ಕ್ಲಾಸಿನ ಹುಡುಗನೊಬ್ಬ ಮುಂದಿನ ಸೀಟಿನ ಬೆನ್ನಿಗೆ ವಾಂತಿ ಮಾಡಿಕೊಂಡ. "ಮೊದಲೇ ಯಾಕೋ ಹೇಳಲಿಲ್ಲ?" ಅಂದೆ. "ಮಾತಾಡಿದ್ರೆ ಔಟ್ ಅಲ್ವಾ ಮಿಸ್" ಅಂದ. ಅವತ್ತಿನಿಂದ ಆ ಆಟ ಬಂದ್. ಇನ್ನೊಂದು ತೊಂದರೆಯೂ ಅದರಲ್ಲಿದೆ. ಮೊದಲು ಔಟಾದವನಿಗೆ ಇಡೀ ದಾರಿ ಏನೂ ಕೆಲಸವಿಲ್ಲ. ಅವನ ತರಲೆ ಅಲ್ಲಿಂದ ಶುರು.

ಈಗ ಯಾವ ಆಟಕ್ಕೂ ಮುಂಚೆ ನಾನು ಒಂದು ಸನ್ನೆ ಕಲಿಸುತ್ತೇನೆ. ತಲೆ ಮೇಲೆ ಒಂದು ಕೈ ಇಟ್ಟರೆ "ಅಕ್ಕ, ನನ್ನ ನೋಡಿ" ಅಂತ ಅರ್ಥ. ಹೊಟ್ಟೆ ತೊಳಸಲಿ, ಮೂತ್ರ ಬರಲಿ, ಪಕ್ಕದವನು ಚಿವುಟಲಿ, ಅದೇ ಸನ್ನೆ. ಬಸ್ಸು ನಿಂತಾಗಲೆಲ್ಲ ಅಕ್ಕ ತಲೆಗಳ ಕಡೆ ಒಮ್ಮೆ ಕಣ್ಣು ಹಾಯಿಸಿದರೆ ಸಾಕು.

ಹೊಟ್ಟೆ ತೊಳಸುವ ವಿಷಯಕ್ಕೇ ಬರೋಣ. ಆಟ ಆರಿಸುವಾಗ ಸದ್ದಿಗಿಂತ ಜಾಸ್ತಿ ಯೋಚಿಸಬೇಕಾದ್ದು ಇದನ್ನೇ. ಮಗು ಬಗ್ಗಿ ಪುಸ್ತಕ ನೋಡುತ್ತಿದ್ದರೆ ಕಣ್ಣು "ಎಲ್ಲ ನಿಂತಿದೆ" ಅನ್ನುತ್ತದೆ. ಒಳಕಿವಿ "ಇಲ್ಲ, ಅಲುಗಾಡ್ತಿದ್ದೀವಿ" ಅನ್ನುತ್ತದೆ. ಈ ಜಗಳದಿಂದಲೇ ವಾಕರಿಕೆ. ನಮ್ಮ ಟ್ರಾಫಿಕ್ಕಿನಲ್ಲಿ ಹೊರಡು, ಬ್ರೇಕು, ಮತ್ತೆ ಹೊರಡು. ಅದು ಇನ್ನೂ ಕೆಟ್ಟದ್ದು. ಹಾಗಾಗಿ ಚುಕ್ಕಿ ಆಟ, ಪದಬಂಧ, ಬಣ್ಣ ತುಂಬುವುದು, ಮೊಬೈಲ್ ಯಾವುದೂ ಬೇಡ. ಪೆನ್ಸಿಲ್ ಅಂತೂ ಬೇಡವೇ ಬೇಡ, ಒಂದು ಬ್ರೇಕಿಗೆ ಕಣ್ಣಿಗೆ ಚುಚ್ಚೀತು. ಪದೇ ಪದೇ ಆಕಳಿಕೆ, ಬಿಳಿಚಿದ ಮುಖ, ಮೇಲ್ದುಟಿ ಮೇಲೆ ಬೆವರು, ಎಂಜಲು ನುಂಗುವುದು, ಮಾತುಗಾರ ಮಗು ಇದ್ದಕ್ಕಿದ್ದಂತೆ ಸುಮ್ಮನಾಗುವುದು, ಇವೆಲ್ಲ ವಾಂತಿಗೆ ಮುಂಚಿನ ಗುರುತು. ಅಂಥ ಮಕ್ಕಳನ್ನು ಹಿಂದಿನ ಚಕ್ರದ ಆಚೆ ಕೂರಿಸಬೇಡಿ, ಅಲ್ಲಿ ಕುಲುಕಾಟ ಜಾಸ್ತಿ. ಮುಂದೆ ಕೂರಿಸಿ, ಆಟ ಬಿಡಿಸಿ, ದೂರದ್ದನ್ನು ನೋಡಲು ಹೇಳಿ.

ಇನ್ನೊಂದು ಕಟ್ಟುಪಾಡು ನಾನು ತಡವಾಗಿ ಕಲಿತದ್ದು. ಪ್ರತಿ ಸ್ಟಾಪಿನಲ್ಲಿ ಅಕ್ಕ ಕೆಳಗಿಳಿದು ಮಗುವನ್ನು ಮನೆಯವರ ಕೈಗೆ ಒಪ್ಪಿಸಬೇಕು. ಒಂದೊಂದು ಸಲ ಅಜ್ಜಿ ಇನ್ನೂ ಗೇಟಿನಿಂದ ಬರುತ್ತಿರುತ್ತಾರೆ. ಆ ಒಂದೆರಡು ನಿಮಿಷ ಬಸ್ಸಿನೊಳಗೆ ಮಕ್ಕಳನ್ನು ನೋಡಿಕೊಳ್ಳುವವರೇ ಇಲ್ಲ. ಅಂಪೈರ್ ಬೇಕಾಗುವ ಆಟ ಸರಿಯಾಗಿ ಅದೇ ಹೊತ್ತಿಗೆ ಜಗಳಕ್ಕೆ ತಿರುಗುತ್ತದೆ. ಆದ್ದರಿಂದ ಆಟ ಜೋಡಿಯದ್ದಾಗಿರಬೇಕು. ಇಬ್ಬರೂ ಒಂದೇ ತಂಡವಾಗಿರಬೇಕು. ತೀರ್ಪು ಕೊಡುವವರು ಬೇಕಾಗಬಾರದು.

ಈ ಎಲ್ಲಕ್ಕೂ ಹೊಂದುವ ಆಟ ಒಂದಿದೆ. ನಮ್ಮಲ್ಲಿ ಅದನ್ನು "ಹತ್ತು ಬೆರಳು" ಅನ್ನುತ್ತೇವೆ. ಕಿಟಕಿ ಪಕ್ಕದ ಮಗು ಕಣ್ಣು, ಈಚೆ ಕೂತ ಮಗು ಖಜಾನೆ. ಕಣ್ಣು ಹೊರಗಿನ ಗಾಡಿಯ ನಂಬರ್ ಪ್ಲೇಟಿನ ಕೊನೆಯ ಅಂಕಿ ನೋಡಿ ಬೆರಳಲ್ಲಿ ತೋರಿಸಬೇಕು. ಸೊನ್ನೆಗೆ ಮುಷ್ಟಿ. ಖಜಾನೆಯ ಹತ್ತು ಬೆರಳು ಅಂದರೆ ಸೊನ್ನೆಯಿಂದ ಒಂಬತ್ತರವರೆಗೆ ಹತ್ತು ಅಂಕಿ. ಎಡಗೈ ಕಿರುಬೆರಳು ಸೊನ್ನೆ, ಬಲಗೈ ಕಿರುಬೆರಳು ಒಂಬತ್ತು. ಸಿಕ್ಕ ಅಂಕಿಯ ಬೆರಳನ್ನು ಮಡಚಬೇಕು. ಹತ್ತೂ ಮಡಚಿದರೆ ಒಂದು ಸುತ್ತು ಮುಗಿಯಿತು, ಇಬ್ಬರೂ ಜಾಗ ಬದಲಿಸಬೇಕು. ಅದೂ ಬಸ್ಸು ನಿಂತಾಗ ಮಾತ್ರ. ಮೊದಲ ದಿನ ಒಂದು ಎಡವಟ್ಟಾಯಿತು. ಉಂಗುರದ ಬೆರಳು ಒಂಟಿಯಾಗಿ ಮಡಚಲು ಬರುವುದಿಲ್ಲ, ಕಿರುಬೆರಳೂ ಜೊತೆಗೆ ಬರುತ್ತದೆ. ನಾಲ್ಕನೇ ಕ್ಲಾಸಿನ ಹುಡುಗಿಯೊಬ್ಬಳು ಕೈ ಎರಡನ್ನೂ ಮಡಿಲ ಬ್ಯಾಗಿನ ಮೇಲೆ ಹರಡಿ, ಸಿಕ್ಕ ಬೆರಳಿನ ಉಗುರನ್ನು ಬ್ಯಾಗಿಗೆ ಒತ್ತಿಟ್ಟುಕೊಂಡಳು. ಈಗ ಎಲ್ಲರೂ ಹಾಗೇ ಮಾಡುತ್ತಾರೆ.

ಇದರ ಸೊಗಸು ಲೆಕ್ಕದಲ್ಲಿದೆ. ಮೊದಲ ಐದಾರು ಅಂಕಿ ಚಕಚಕ ಸಿಗುತ್ತವೆ. ಆಮೇಲೆ ಸಿಕ್ಕಿದ್ದೇ ಮತ್ತೆ ಸಿಗುತ್ತದೆ. ಕೊನೆಯ ಒಂದು ಅಂಕಿಗೇ ಸರಾಸರಿ 10 ಗಾಡಿ ನೋಡಬೇಕು. ಹತ್ತೂ ಸಿಗಲು ಸರಾಸರಿ 29. ಅಂದರೆ ಆಟ ತಾನಾಗಿಯೇ ನಿಧಾನವಾಗುತ್ತದೆ. ಮಕ್ಕಳ ಗಮನ ಮಾತ್ರ ಕೊನೆಗೇ ಜಾಸ್ತಿ. ಏಳಕ್ಕಾಗಿ ಕಾಯುತ್ತಿರುವ ಮಗು ಮಾತಾಡುವುದಿಲ್ಲ, ಕಿಟಕಿ ಬಿಟ್ಟು ಅಲ್ಲಾಡುವುದೂ ಇಲ್ಲ. ಕೈ ಹೊರಗೆ ಚಾಚುವ ಹಾಗಿಲ್ಲ, ಅಷ್ಟೇ. ಬೆರಳಿಗೆ ಒಳಗೇ ಕೆಲಸ ಇರುವುದರಿಂದ ಆ ಗಲಾಟೆಯೂ ಕಡಿಮೆ. ದೊಡ್ಡ ಮಕ್ಕಳಿಗೆ ಇದು ಬೇಜಾರಾದರೆ ಕೆಎ ಆದ ಮೇಲಿನ ಸಂಖ್ಯೆ ಹಿಡಿಯಲಿ. 05 ಜಯನಗರ, 51 ಎಲೆಕ್ಟ್ರಾನಿಕ್ ಸಿಟಿ ದಿನಾ ಸಿಗುತ್ತವೆ. 12 ಕೊಡಗು, 25 ಧಾರವಾಡ ಸಿಕ್ಕರೆ ಅವತ್ತು ಹಬ್ಬ.

ಆದರೆ ಈ ಆಟ ಬಸ್ಸು ನಿಂತಾಗ ಇಲ್ಲವೇ ತೆವಳುವಾಗ ಮಾತ್ರ. ಓಡುವಾಗ ಹತ್ತಿರದ ಪ್ಲೇಟು ಹಿಡಿಯಲು ಹೋದರೆ ಕಣ್ಣು ಚಿಮ್ಮಿ ಚಿಮ್ಮಿ ತಲೆ ಸುತ್ತುತ್ತದೆ. ಬಸ್ಸು ಓಡತೊಡಗಿದರೆ "ಅಂಗೈ ಅಕ್ಷರ". ಒಬ್ಬರು ಕಣ್ಣು ಮುಚ್ಚಿ ಅಂಗೈ ಚಾಚಬೇಕು. ಇನ್ನೊಬ್ಬರು ಅದರ ಮೇಲೆ ಬೆರಳಲ್ಲಿ ಕನ್ನಡದ ಒಂದು ಅಕ್ಷರ ಬರೆಯಬೇಕು, ಮುಖ ಎತ್ತಿ ದೂರ ನೋಡುತ್ತಲೇ. ಗೊತ್ತಾದರೆ ಅದೇ ಅಕ್ಷರವನ್ನು ಬರೆದವರ ಅಂಗೈ ಮೇಲೆ ವಾಪಸ್ ಬರೆಯಬೇಕು. ಬಾಯಿಗೆ ಕೆಲಸವೇ ಇಲ್ಲ. ಕಣ್ಣು ಮುಚ್ಚಿದರೆ ವಾಕರಿಕೆಗೂ ಒಳ್ಳೆಯದು. ರ, ಗ ಸುಲಭ. ಪ, ಷ ಕೊಟ್ಟು ನೋಡಿ, ವ, ಮ ಕೊಟ್ಟು ನೋಡಿ, ಮೂರು ಸಲ ಬರೆದರೂ ಜಗಳ ಬಿಡಿಸಲಾಗದು. ಬರೆಯುವುದು ಅಂಗೈ ಮೇಲೆ ಮಾತ್ರ. ಬೆನ್ನು, ತೊಡೆ ಬೇಡ. ಬಸ್ಸಿನಲ್ಲಿ ಬೇರೆ ಬೇರೆ ವಯಸ್ಸಿನ ಮಕ್ಕಳು ಇರುತ್ತಾರೆ. ದೂರ ಕೂತ ಅಕ್ಕನಿಗೆ ಕಾಣುವ ಜಾಗದಲ್ಲೇ ಕೈ ಇರಲಿ. ಮುಟ್ಟಿಸಿಕೊಳ್ಳುವುದು ಇಷ್ಟವಿಲ್ಲದ ಮಗುವನ್ನು ಒತ್ತಾಯಿಸಬೇಡಿ. ಅವರಿಗೆ ಸರಿ-ಬೆಸ ಇದೆ. ನಮ್ಮಜ್ಜಿ ಹುಣಸೆ ಬೀಜ ಮುಷ್ಟಿಯಲ್ಲಿ ಹಿಡಿದು ಆಡಿಸುತ್ತಿದ್ದದ್ದು. ಬಸ್ಸಿನಲ್ಲಿ ಬೀಜ ಬೇಡ, ಬಿದ್ದರೆ ಕಾಲಿಗೆ, ಚಿಕ್ಕವರಾದರೆ ಬಾಯಿಗೆ. ಇಬ್ಬರೂ ಒಟ್ಟಿಗೆ ಬೆರಳು ತೋರಿಸಿ, ಕೂಡಿದ್ದು ಸರಿಯೋ ಬೆಸವೋ ನೋಡಿದರಾಯಿತು.

ಬನಶಂಕರಿ ಬಸ್ಸಿನಲ್ಲಿ ಇದನ್ನು ಹೂಡಿದ್ದು ಹೀಗೆ. ನಿಯಮ ಹೇಳಿದ್ದು ಶಾಲೆಯ ಅಂಗಳದಲ್ಲೇ, ಎಂಜಿನ್ ಶುರುವಾಗುವ ಮುಂಚೆ, ಮೂರು ನಿಮಿಷ. ಓಡುವ ಬಸ್ಸಿನಲ್ಲಿ ಅಕ್ಕ ಎದ್ದು ನಿಂತು, ಮಕ್ಕಳ ಕಡೆ ತಿರುಗಿ, ಕೂಗಿ ಹೇಳುವುದು ಅಪಾಯ. ಜೋಡಿ ಮಾಡುವಾಗ ಚಿಕ್ಕವರು ಮುಂದೆ, ಅಣ್ಣತಮ್ಮಂದಿರು ಬೇರೆ ಬೇರೆ ಸೀಟಿನಲ್ಲಿ. ಮೂವರ ಸೀಟಾದರೆ ನಡುವಿನ ಮಗು ಅಂಚೆಯವನು, ಅಂಕಿ ದಾಟಿಸುತ್ತಾನೆ. ಮೊದಲ ಕಾಲು ಗಂಟೆ ಆಟವೇ ಇಲ್ಲ. ಇಡೀ ದಿನ ಸುಮ್ನೆ ಕೂತು ಬಂದಿರುತ್ತಾರೆ, ಮಾತಾಡಿಕೊಳ್ಳಲಿ. ಆ ಮಾತು ಹೊರಬಾರದೆ ಯಾವ ಆಟವೂ ನಿಲ್ಲುವುದಿಲ್ಲ. ಅಗರ ಕೆರೆ ಹತ್ತಿರ ಬಂದಾಗ ಅಕ್ಕ ಹತ್ತೂ ಬೆರಳು ಎತ್ತಿ ತೋರಿಸಿದರೆ ಆಟ ಶುರು. ಅಲ್ಲಿಂದ ಸಿಲ್ಕ್ ಬೋರ್ಡ್‌ವರೆಗೆ ಗಾಡಿಗಳಿಗೆ ಬರವೇ? ಬಿಟಿಎಂ ದಾಟಿ ರಸ್ತೆ ಬಿಟ್ಟುಕೊಂಡಾಗ ಅಂಗೈ ತೋರಿಸಿದರೆ ಅಕ್ಷರ. ಜಯದೇವ ದಾಟುವ ಹೊತ್ತಿಗೆ ಚಿಕ್ಕವರು ನಿದ್ದೆಗೆ ಜಾರಿರುತ್ತಾರೆ. ಅವರನ್ನು ಆಟಕ್ಕೆ ಎಬ್ಬಿಸಬಾರದು, ಸ್ಟಾಪಿಗೆ ಒಂದು ಸ್ಟಾಪ್ ಮುಂಚೆ ಎಬ್ಬಿಸಬೇಕು.

ಎರಡನೇ ವಾರ ಒಂದು ಎಡವಟ್ಟು ಕಂಡಿತು. ಆಟದಲ್ಲಿ ಮುಳುಗಿದ ಇಬ್ಬರು ಸ್ಟಾಪಿನಲ್ಲಿ ಗಡಿಬಿಡಿಯಿಂದ ಎದ್ದು, ಬಸ್ಸು ನಿಲ್ಲುವ ಮೊದಲೇ ಬಾಗಿಲ ಕಡೆ ಓಡಿದರು. ಈಗ ಒಂದು ಸ್ಟಾಪ್ ಮುಂಚೆಯೇ, ಬಸ್ಸು ನಿಂತಿರುವಾಗಲೇ, ಅಕ್ಕ ಮುಂದೆ ಇಳಿಯುವವರ ಭುಜ ತಟ್ಟುತ್ತಾರೆ. ತಟ್ಟಿಸಿಕೊಂಡವರ ಆಟ ಅಲ್ಲಿಗೆ ಮುಗಿಯಿತು. ಬ್ಯಾಗು ಹೆಗಲಿಗೆ, ನೀರಿನ ಬಾಟಲಿ ಕೈಗೆ, ಬಸ್ಸು ಪೂರ್ತಿ ನಿಲ್ಲುವವರೆಗೆ ಕೂತೇ ಇರುವುದು. ಜೊತೆಗಾರ ಇಳಿದು ಒಂಟಿಯಾದ ಮಗುವನ್ನು ಅದೇ ಸ್ಟಾಪಿನಲ್ಲಿ ಇನ್ನೊಂದು ಒಂಟಿ ಮಗುವಿನ ಪಕ್ಕಕ್ಕೆ ಕಳಿಸುತ್ತಾರೆ.

ಕೊನೆಯಲ್ಲಿ ಒಬ್ಬನೇ ಹುಡುಗ ಉಳಿಯುತ್ತಾನೆ. ಆಗ ಅಕ್ಕನೇ ಖಜಾನೆ. ನಾನು ನೋಡಲು ಹೋದ ದಿನ ಅವರ ಒಂಬತ್ತು ಬೆರಳು ಮಡಚಿದ್ದವು, ಮೂರರ ಬೆರಳು ಮಾತ್ರ ಬಾಕಿ. ಅವನ ಸ್ಟಾಪ್ ಬಂತು. "ನಾಳೆ ಇಲ್ಲಿಂದಾನೇ ಅಕ್ಕ" ಅಂತ ಇಳಿದ. ಅವನ ಅಮ್ಮನಿಗೆ ಒಪ್ಪಿಸಿ ಬಂದ ಅಕ್ಕ ಹಿಂದಿನ ಸೀಟಿನವರೆಗೂ ನಡೆದು, ಪ್ರತಿ ಸೀಟಿನ ಕೆಳಗೆ ಬಗ್ಗಿ ನೋಡಿದರು. ಮಲಗಿದ ಮಗು ಯಾವುದೂ ಇಲ್ಲ. ಒಂದು ಸ್ವೆಟರ್, ಎರಡು ಬಾಟಲಿ ಸಿಕ್ಕವು.